ಡ್ರಮ್ಮಿನ ಕೆಳಗೆ ಹುಟ್ಟುತ್ತಿದ್ದ ನೊಣಗಳು: ನಮ್ಮ ಖಾನಾವಳಿಯ ಅನುಭವ

ಗಂಗಾವತಿಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. ನಾನು, ನಮ್ಮ ಯಜಮಾನರು, ರೊಟ್ಟಿ ಬಡಿಯಲು ಇಬ್ಬರು, ಮುಸುರೆ ತೊಳೆಯಲು ಒಬ್ಬಾಕೆ. ಮಧ್ಯಾಹ್ನ 70–80 ಊಟ ಹೋಗುತ್ತವೆ. ಏಪ್ರಿಲ್, ಮೇ ತಿಂಗಳ ಸುಡು ಬಿಸಿಲಲ್ಲಿ ನಮ್ಮಲ್ಲಿ ನೊಣ ಅಷ್ಟೇನೂ ಇರುವುದಿಲ್ಲ. ಒಂದೆರಡು ಮಳೆ ಬಿದ್ದು, ಓಣಿಯಲ್ಲೆಲ್ಲ ಮಾವಿನ ವಾಟೆ ಬಿದ್ದು, ಕಾರಹುಣ್ಣಿಮೆ ಹತ್ತಿರ ಬಂತೆಂದರೆ ಶುರು. ಎರಡು ವರ್ಷದ ಹಿಂದಿನ ಜೂನ್‌ನಲ್ಲಿ ಎಷ್ಟಾಗಿದ್ದವು ಅಂದರೆ, ಎಡಗೈಯಲ್ಲಿ ನೊಣ ಓಡಿಸುತ್ತಾ ಬಲಗೈಯಲ್ಲಿ ಬಡಿಸುತ್ತಿದ್ದೆ.

ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ನೆಲಕ್ಕೆ ಫಿನಾಯಿಲ್ ಹಾಕಿದೆವು. ಹಿತ್ತಲಿನ ಕಸದ ಡ್ರಮ್ಮಿನ ಮೇಲೆ ಬ್ಲೀಚಿಂಗ್ ಪೌಡರ್ ಚೆಲ್ಲಿದೆವು. ಒಂದು ರಾತ್ರಿ ಖಾನಾವಳಿ ಮುಚ್ಚಿದ ಮೇಲೆ ಅಡುಗೆಮನೆಯಲ್ಲಿ ಸ್ಪ್ರೇ ಹೊಡೆದೆವು. ಬೆಳಿಗ್ಗೆ ಮೊರದ ತುಂಬ ಸತ್ತ ನೊಣ ಗುಡಿಸಿದೆ. ಮೂರನೆಯ ದಿನ ಮತ್ತೆ ಅಷ್ಟೇ ನೊಣ. ಆವತ್ತು ಒಂದು ಮಾತು ಹೊಳೆಯಬೇಕಿತ್ತು: ಇವು ಹೊರಗಿನಿಂದ ಸುಮ್ನೆ ಹಾರಿ ಬರುತ್ತಿಲ್ಲ, ಇಲ್ಲೇ ಎಲ್ಲೋ ದಿನಾ ಹುಟ್ಟುತ್ತಿವೆ. ಹೊಳೆಯಲಿಲ್ಲ.

ಅದೇ ವಾರ ಮುಸುರೆ ತೊಳೆಯುವಾಕೆಯ ನಾಲ್ಕು ವರ್ಷದ ಮಗಳಿಗೆ ರಕ್ತ ಆಮಶಂಕೆ ಆಯಿತು. ಮಗು ದಿನವಿಡೀ ನಮ್ಮ ಹಿತ್ತಲಲ್ಲೇ ಆಡುತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಓಆರ್‌ಎಸ್ ಕುಡಿಸಿ, ಔಷಧ ಹಾಕಿಸಿ, ಐದಾರು ದಿನದಲ್ಲಿ ಹುಷಾರಾಯಿತು. ಅದು ನೊಣದಿಂದಲೇ ಬಂತು ಎಂದು ನಾನು ಹೇಳಲಾರೆ. ನೀರಿನಿಂದಲೂ ಬರಬಹುದು, ತೊಳೆಯದ ಕೈಯಿಂದಲೂ ಬರಬಹುದು. ಆದರೆ ನಮ್ಮ ಹಿಂದಿನ ಓಣಿಯಲ್ಲಿ ಚಿಕ್ಕ ಮಕ್ಕಳು ಗಟಾರದ ಪಕ್ಕದಲ್ಲೇ ಕೂರುತ್ತವೆ. ಅಲ್ಲಿ ಕೂತ ನೊಣ ನಮ್ಮ ಉಳ್ಳಾಗಡ್ಡಿ ತಟ್ಟೆಗೆ ಬರಲು ಒಂದು ನಿಮಿಷ ಸಾಕು. ಅದನ್ನು ನೆನೆದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಆ ಮಗುವಿನ ವಿಷಯ ಕೇಳಿ ಹೆಲ್ತ್ ಇನ್‌ಸ್ಪೆಕ್ಟರ್ ಒಬ್ಬರು ಓಣಿಗೆ ಬಂದಿದ್ದರು. ಅಡುಗೆಮನೆ ಒಳಗೆ ಅವರು ಬರಲೇ ಇಲ್ಲ. ಸೀದಾ ಹಿತ್ತಲಿಗೆ ಹೋಗಿ ಡ್ರಮ್ಮಿನ ಮುಂದೆ ನಿಂತರು.

"ಅಕ್ಕಾರ, ಇದನ್ನ ಎಷ್ಟು ದಿನಕ್ಕೊಮ್ಮೆ ಖಾಲಿ ಮಾಡಸ್ತೀರಿ?"

"ತುಂಬಿದಾಗ್ರಿ. ಎಂಟ್ಹತ್ತು ದಿನಕ್ಕೊಮ್ಮೆ ಟ್ರ್ಯಾಕ್ಟರ್‌ನವ್ರು ಬರ್ತಾರ."

"ಹಂಗಾದ್ರ ನೀವು ಕಸ ಇಟ್ಟಿಲ್ಲ, ನೊಣ ಸಾಕಾಕತ್ತೀರಿ."

ಲೆಕ್ಕ ಹೀಗಿದೆ. ಹೆಣ್ಣು ನೊಣ ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಸತ್ತು ಹೋಗುವಷ್ಟರಲ್ಲಿ ನಾಲ್ಕೈದು ಸಲ ಇಡುತ್ತದೆ. ನಮ್ಮ ಸೆಕೆಗೆ ಒಂದೇ ದಿನದಲ್ಲಿ ಮೊಟ್ಟೆ ಒಡೆದು ಬಿಳಿ ಹುಳ ಬರುತ್ತದೆ. ನಾಲ್ಕೈದು ದಿನ ಹಸಿ ಕಸ ತಿಂದು ಬೆಳೆಯುತ್ತದೆ. ಆಮೇಲೆ ಮೂರ್ನಾಲ್ಕು ದಿನ ಗಟ್ಟಿ ಕೋಶದ ಒಳಗಿದ್ದು, ರೆಕ್ಕೆ ಬಂದು ಹಾರುತ್ತದೆ. ಎಲ್ಲ ಸೇರಿ ಎಂಟರಿಂದ ಹತ್ತು ದಿನ. ನಮ್ಮ ಡ್ರಮ್ಮು ಖಾಲಿಯಾಗುತ್ತಿದ್ದುದೂ ಅಷ್ಟು ದಿನಕ್ಕೇ! ನೊಣಕ್ಕೆ ಬೇಕಾದಷ್ಟು ಸಮಯ ನಾವೇ ಕೊಟ್ಟಂತೆ ಆಗಿತ್ತು.

ಇಬ್ಬರು ಸೇರಿ ಆ ಡ್ರಮ್ಮನ್ನು ವಾಲಿಸಿ ಪಕ್ಕಕ್ಕೆ ಸರಿಸಿದೆವು. ತಳದಲ್ಲಿ ಸಣ್ಣ ಸೀಳು ಬಿಟ್ಟಿತ್ತು. ಅಲ್ಲಿಂದ ರಸ ಸೋರಿ ಕೆಳಗಿನ ಮಣ್ಣು ಕರಿ ಕೆಸರಾಗಿತ್ತು, ಅದರ ತುಂಬ ಹುಳ. ಅದು ಅಸಹ್ಯ ಅನ್ನಿಸಿದರೂ ಆಶ್ಚರ್ಯ ಆಗಲಿಲ್ಲ. ಆಶ್ಚರ್ಯ ಆದದ್ದು ಆಮೇಲೆ. ಇನ್‌ಸ್ಪೆಕ್ಟರ್ ನಾಲ್ಕಡಿ ದೂರ ಗೋಡೆ ಬದಿಗೆ ಹೋದರು. ಅಲ್ಲಿ ಮನೆ ರಿಪೇರಿಯಲ್ಲಿ ಉಳಿದ ಒಣ ಮರಳು ಬಿದ್ದಿತ್ತು. ಒಂದು ಕಡ್ಡಿಯಿಂದ ಅದನ್ನು ಕೆದರಿದರು. ಎರಡು ಬೆರಳು ಆಳದಲ್ಲಿ ಕಂದು ಬಣ್ಣದ ಕಾಳುಗಳು ರಾಶಿ ರಾಶಿ. ಭತ್ತದ ಕಾಳಿಗಿಂತ ಸ್ವಲ್ಪ ಚಿಕ್ಕವು, ಎರಡೂ ತುದಿ ಗುಂಡಗೆ. ನಾನು ಇಲಿ ಹಿಕ್ಕೆ ಅಂದುಕೊಂಡಿದ್ದೆ. ಒಂದನ್ನು ಒತ್ತಿ ತೋರಿಸಿದರು, ಬಿಳಿ ರಸ ಬಂತು. ಕೆಲವು ಹಗುರವಾಗಿದ್ದವು, ಒಂದು ತುದಿ ಮುಚ್ಚಳದ ಹಾಗೆ ತೆರೆದಿತ್ತು. ಅವುಗಳಿಂದ ನೊಣ ಆಗಲೇ ಹಾರಿ ಹೋಗಿದ್ದವು.

ಬೆಳೆಯುವವರೆಗೆ ಹುಳಕ್ಕೆ ಹಸಿ ಬೇಕು, ಬೆಳೆದ ಮೇಲೆ ಒಣ ಜಾಗ ಬೇಕು. ಹಾಗಾಗಿ ರಾತ್ರಿ ತೆವಳಿಕೊಂಡು ಕಸದಿಂದ ಆಚೆ ಹೋಗಿ ಒಣ ಮಣ್ಣಲ್ಲಿ ಸೇರಿಕೊಳ್ಳುತ್ತದೆ. ನಾವು ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದುದು ಕಸದ ಮೇಲೆ. ಹುಳ ಇದ್ದುದು ಕಸದ ಒಳಗೆ ಮತ್ತು ಕೆಳಗೆ. ಕೋಶ ಇದ್ದುದು ಮರಳಿನಲ್ಲಿ. ಪೌಡರ್‌ನಿಂದ ವಾಸನೆ ಕಡಿಮೆಯಾಗುತ್ತಿತ್ತು, ಅಷ್ಟೇ.

ಮೊದಲ ಎರಡು ದಿನ ಆ ಜಾಗಕ್ಕೇ ಕೊಟ್ಟೆವು. ಡ್ರಮ್ಮನ್ನು ಪೂರ್ತಿ ತೆಗೆದೆವು. ಅನ್ನದ ಒಲೆ ಮೇಲೆ ನೀರು ಕುದಿಸಿ, ಆರು ಬಕೆಟ್ ಸುಡುನೀರು ಕೆಸರಿನ ಮೇಲೆ ಸುರಿದೆವು. ಸುಡುನೀರು ಮೇಲಿನ ಹುಳ ಕೊಲ್ಲುತ್ತದೆ, ಆಳಕ್ಕೆ ಇಳಿಯುವಷ್ಟರಲ್ಲಿ ತಣ್ಣಗಾಗುತ್ತದೆ. ಅದಕ್ಕೇ ನಾಲ್ಕು ಬೆರಳು ಮಣ್ಣು ಕೆರೆದು ತೆಗೆದೆವು, ಮರಳನ್ನೂ ತೆಗೆದೆವು. ಎಲ್ಲವನ್ನೂ ಚಾವಣಿ ಮೇಲಿನ ತಗಡಿನ ಮೇಲೆ ತೆಳ್ಳಗೆ ಹರಡಿ ಎರಡು ದಿನ ಬಿಸಿಲಿಗೆ ಬಿಟ್ಟೆವು. ಗುಂಡಿ ತೋಡಿ ಹೂತರೆ ಆಗದೇ ಎಂದು ಯಜಮಾನರು ಕೇಳಿದ್ದರು. ಸಡಿಲ ಮಣ್ಣಾದರೆ ಒಂದಡಿ ಕೆಳಗಿನಿಂದಲೂ ಹೊಸ ನೊಣ ತೂರಿಕೊಂಡು ಮೇಲೆ ಬರುತ್ತದೆ. ಹೂಳುವುದಿದ್ದರೆ ಆಳವಾಗಿ ಹೂತು, ಮಣ್ಣು ಗಟ್ಟಿಯಾಗಿ ತುಳಿಯಬೇಕು. ಕೊನೆಗೆ ಆ ಜಾಗಕ್ಕೆ ಗಟಾರದ ಕಡೆ ಇಳಿಜಾರು ಕೊಟ್ಟು ಸಿಮೆಂಟ್ ಹಾಕಿಸಿದೆವು. ಗೋಡೆ ಸೇರುವ ಕಡೆ ಬಿರುಕು ಉಳಿಯದ ಹಾಗೆ ನೋಡಿಕೊಂಡೆವು. ಬಿರುಕಿನಲ್ಲಿ ಮಣ್ಣು ಕೂತರೆ ಹುಳಕ್ಕೆ ಅದೇ ಸಾಕು.

ಡ್ರಮ್ಮಿನ ಬದಲು 20 ಲೀಟರಿನ ಬಿಗಿ ಮುಚ್ಚಳದ ಎರಡು ಬಕೆಟ್ ತಂದೆವು. ಕಸದ ಗಾಡಿ ಬೆಳಿಗ್ಗೆ ಮುಖ್ಯ ರಸ್ತೆಗೆ ಬರುತ್ತದೆ, ನಮ್ಮ ಓಣಿಯೊಳಗೆ ಬರುವುದಿಲ್ಲ. ಅಲ್ಲಿಯವರೆಗೆ ಹೊತ್ತೊಯ್ಯುವ ಬೇಸರಕ್ಕೇ ಮೊದಲು ಡ್ರಮ್ಮು ಇಟ್ಟಿದ್ದೆವು. ಈಗ ದಿನಾ ಹೊತ್ತೊಯ್ಯುತ್ತೇವೆ. ಮೊಟ್ಟೆ ಇಟ್ಟಿದ್ದರೂ ಹುಳ ಬೆಳೆಯುವ ಮೊದಲೇ ಊರಾಚೆ ಹೋಗುತ್ತದೆ. ಎಂಜಲನ್ನು ಬಕೆಟ್ಟಿಗೆ ಹಾಕುವ ಮುಂಚೆ ಹಳೆ ಬುಟ್ಟಿಯಲ್ಲಿ ಸೋಸಿ ನೀರು ಇಳಿಸುತ್ತೇವೆ. ಖಾಲಿ ಬಕೆಟ್ಟಿನ ತಳವನ್ನು ಕೆರೆದು ತೊಳೆದು ಬಿಸಿಲಿಗೆ ಬೋರಲು ಹಾಕುತ್ತೇವೆ. ಈ ತೊಳೆಯುವ ಕೆಲಸ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ತಳದಲ್ಲಿ ಅಂಟಿದ ಎರಡು ಬೆರಳು ರಾಡಿ ಹುಳಕ್ಕೆ ಸಾಕಾಗುತ್ತದೆ. "ದಿನಾ ಕಸ ಕೊಡ್ತೀವಿ, ಆದ್ರೂ ನೊಣ" ಎನ್ನುವವರು ಒಮ್ಮೆ ಬಕೆಟ್ಟಿನ ತಳ ನೋಡಬೇಕು.

ನೊಣ ಕಡಿಮೆಯಾಗಿದೆಯೋ ಇಲ್ಲವೋ ಕಣ್ಣಂದಾಜಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಸುಲಭ ಉಪಾಯ ಇದೆ. ಅಂಗೈ ಅಗಲದ ಬಿಳಿ ರಟ್ಟನ್ನು ನೊಣ ಜಾಸ್ತಿ ಕೂರುವ ಕಡೆ ತೂಗಿಬಿಡಬೇಕು. ನಾವು ಹಿಂದಿನ ಬಾಗಿಲ ಮೇಲಿನ ವಯರಿಗೆ ಕಟ್ಟಿದೆವು. ರಾತ್ರಿ ನೊಣಗಳು ಇಂಥ ವಯರು, ಹಗ್ಗ, ತೊಲೆಗಳ ಮೇಲೆಯೇ ಮಲಗುತ್ತವೆ. ಕೂತಲ್ಲೆಲ್ಲ ಅವು ಕಕ್ಕುತ್ತವೆ, ಹೇಲುತ್ತವೆ. ಅದೇ ರಟ್ಟಿನ ಮೇಲೆ ಚುಕ್ಕೆಯಾಗಿ ಕಾಣುತ್ತದೆ. ವಾರಕ್ಕೊಮ್ಮೆ ಚುಕ್ಕೆ ಎಣಿಸಿ, ರಟ್ಟು ಬದಲಿಸಿದರೆ ಆಯಿತು. ನಮ್ಮ ಮೊದಲ ವಾರದ ರಟ್ಟಿನಲ್ಲಿ 160 ಚುಕ್ಕೆ ಇದ್ದವು. ಅಷ್ಟೆಲ್ಲ ಮಾಡಿದ ಮೇಲೂ ಎರಡನೇ ವಾರ 130. ಆಗ ಕೈಬಿಡಬಾರದು. ಹುಟ್ಟುವುದು ನಿಂತರೂ ಆಗಲೇ ಹಾರುತ್ತಿರುವ ನೊಣ ಎರಡು ಮೂರು ವಾರ ಬದುಕುತ್ತವೆ. ಮೂರನೇ ವಾರ 45, ನಾಲ್ಕನೇ ವಾರ 12.

ಐದನೇ ವಾರ ಇದ್ದಕ್ಕಿದ್ದಂತೆ 60 ಆಯಿತು. ನಮ್ಮ ಹಿತ್ತಲೆಲ್ಲ ಕೆದರಿ ನೋಡಿದೆ, ಏನೂ ಸಿಗಲಿಲ್ಲ. ಕೊನೆಗೆ ಗೋಡೆಯಾಚೆ ಇಣುಕಿದರೆ ಪಕ್ಕದ ಮನೆ ಅಜ್ಜಿಯ ತಿಪ್ಪೆ. ಅಜ್ಜಿಗೆ ಎರಡು ಎಮ್ಮೆ. ಮಳೆ ಹಿಡಿದಿದ್ದರಿಂದ ಕುಳ್ಳು ತಟ್ಟುವುದು ಬಿಟ್ಟು ಸಗಣಿಯನ್ನು ಒಂದೇ ಕಡೆ ಗುಡ್ಡೆ ಹಾಕಿದ್ದಳು. ನೊಣಕ್ಕೆ ಎಂಜಲಿಗಿಂತ ಹಸಿ ಸಗಣಿ ಏನೂ ಕಡಿಮೆಯಲ್ಲ. ಹೋಗಿ ಕೇಳಿದೆ.

"ಯವ್ವಾ, ಮಳಿಯಾಗ ಕುಳ್ಳು ಒಣಗಂಗಿಲ್ಲ, ನಾ ಏನ್ ಮಾಡ್ಲಿ?" ಅಂದಳು. ಅವಳ ಮಾತೂ ಸರಿಯೇ.

ಬಿಸಿಲಿದ್ದ ದಿನ ತೆಳ್ಳಗೆ ಕುಳ್ಳು ತಟ್ಟುವುದು, ಮಳೆ ದಿನ ಗುಡ್ಡೆಯ ಮೇಲೆ ಕರಿ ತಾಡಪಲ್ ಎಳೆದು ಸುತ್ತಲೂ ಅಂಚಿಗೆ ಕಲ್ಲು ಹೇರುವುದು ಎಂದು ಮಾತಾಯಿತು. ತಾಡಪಲ್ ನಾನೇ ಕೊಡಿಸಿದೆ. ತೆಳ್ಳಗಿನ ಕುಳ್ಳು ನಮ್ಮ ಬಿಸಿಲಿಗೆ ಬೇಗ ಒಣಗುತ್ತದೆ, ಹಸಿ ಆರಿದರೆ ಹುಳ ಬದುಕುವುದಿಲ್ಲ. ಮುಚ್ಚಿದ ಗುಡ್ಡೆ ಒಳಗೇ ಕಾಯುತ್ತದೆ, ಮೊಟ್ಟೆ ಇಡಲು ನೊಣಕ್ಕೆ ದಾರಿಯೂ ಇರುವುದಿಲ್ಲ. ಎರಡು ವಾರದಲ್ಲಿ ಚುಕ್ಕೆ ಮತ್ತೆ 15ಕ್ಕೆ ಇಳಿಯಿತು.

ಅಡುಗೆಮನೆ ಒಳಗೆ ಮಾಡಿದ್ದು ಕಡಿಮೆ, ಆದರೆ ಯಾವುದನ್ನು ಮುಚ್ಚಬೇಕು ಎಂಬ ನನ್ನ ಲೆಕ್ಕವೇ ಬದಲಾಯಿತು. ನೊಣಕ್ಕೆ ಹಲ್ಲಿಲ್ಲ, ಅಗಿಯಲಾರದು. ಗಟ್ಟಿ ಪದಾರ್ಥದ ಮೇಲೆ ಕೂತರೆ ಜೊಲ್ಲು ಬಿಟ್ಟು, ಹಿಂದೆ ತಿಂದದ್ದನ್ನು ಸ್ವಲ್ಪ ಕಕ್ಕಿ, ಕರಗಿಸಿ ಹೀರುತ್ತದೆ. ಹಿಂದೆ ತಿಂದದ್ದು ಗಟಾರದ ಹೇಲೇ ಆಗಿರಬಹುದು. ಕಾಲಿನ ರೋಮಕ್ಕೂ ಅಂಟಿರುತ್ತದೆ. ಕಾಲಿಗೆ ಅಂಟಿದ ರೋಗಾಣು ಬೇಗ ಉದುರಬಹುದು, ಹೊಟ್ಟೆಯೊಳಗೆ ಹೋದದ್ದು ಒಂದೆರಡು ದಿನವಾದರೂ ಇರುತ್ತದೆ. ಕಾಲರಾ, ಟೈಫಾಯಿಡ್ ರೋಗಾಣುಗಳನ್ನೂ ನೊಣ ಹೀಗೇ ಹೊರುತ್ತದೆ. ರಕ್ತ ಆಮಶಂಕೆಯ ಶಿಗೆಲ್ಲಾ ರೋಗಾಣುವಂತೂ ನೂರರೊಳಗೆ ಹೊಟ್ಟೆ ಸೇರಿದರೂ ಸಾಕು. ಬೇರೆ ಎಷ್ಟೋ ರೋಗಾಣುಗಳು ಅನ್ನದಲ್ಲೋ ಸಾರಿನಲ್ಲೋ ಗಂಟೆಗಟ್ಟಲೆ ಬೆಳೆದು ಹೆಚ್ಚಾಗಬೇಕು. ಇದಕ್ಕೆ ಅಷ್ಟು ಹೊತ್ತೂ ಬೇಡ.

ನಾನು ಮೊದಲು ಸಾರಿನ ಪಾತ್ರೆಗೆ ಮುಚ್ಚಳ ಹಾಕಿ, ಹೆಚ್ಚಿದ ಉಳ್ಳಾಗಡ್ಡಿ, ಸೌತೆಕಾಯಿ, ಹಸಿ ಮೆಂತ್ಯೆಯನ್ನು ತೆರೆದೇ ಇಡುತ್ತಿದ್ದೆ. ಕುದಿಯುವ ಸಾರಿನ ಹತ್ತಿರ ನೊಣ ಸುಳಿಯುವುದಿಲ್ಲ, ಬಂದರೂ ಮತ್ತೆ ಕುದಿಯುತ್ತದೆ. ಹಸಿಯಾಗಿ ಬಡಿಸುವುದನ್ನು ಯಾವ ಬೆಂಕಿಯೂ ಮುಟ್ಟುವುದಿಲ್ಲ. ಈಗ ಪಚ್ಚಡಿ, ಮೊಸರು, ಶೇಂಗಾ ಹಿಂಡಿ ಮುಚ್ಚಳದ ಡಬ್ಬಿಯಲ್ಲಿರುತ್ತವೆ. ತಟ್ಟೆ ಬಂದ ಮೇಲೇ ತೆಗೆಯುತ್ತೇವೆ. ಬಡಿಸುವ ಕಟ್ಟೆಗೆ ಒಂದು ಟೇಬಲ್ ಫ್ಯಾನು ತಿರುಗಿಸಿಟ್ಟಿದ್ದೇವೆ, ಜೋರು ಗಾಳಿಯಲ್ಲಿ ನೊಣ ಕೂರಲಾರದು. ಹಿಂದಿನ ಬಾಗಿಲಿಗೆ ಸ್ಪ್ರಿಂಗ್ ಇರುವ ಜಾಲರಿ ಬಾಗಿಲು, ಹೊರಕ್ಕೆ ತೆರೆಯುವ ಹಾಗೆ. ಒಳಕ್ಕೆ ತೆರೆದರೆ ಜಾಲರಿಯ ಮೇಲೆ ಕೂತ ನೊಣಗಳನ್ನು ನಾವೇ ಒಳಗೆ ಕರೆದಂತೆ. ಅಂಟು ಪಟ್ಟಿಗಳನ್ನು ಬಡಿಸುವ ಕಡೆ ಹಾಕಿಲ್ಲ, ನೊಣ ರಾತ್ರಿ ಮಲಗುವ ತೊಲೆಯ ಹತ್ತಿರ ತೂಗುಬಿಟ್ಟಿದ್ದೇವೆ. ಸ್ಪ್ರೇ ಮತ್ತೆ ಮುಟ್ಟಿಲ್ಲ.

ನೊಣ ಪೂರ್ತಿ ಹೋಗಿಲ್ಲ. ಹಿಂದಿನ ಬೀದಿಯ ಕಲ್ಯಾಣ ಮಂಟಪದಲ್ಲಿ ಮದುವೆ ಆದ ವಾರ ರಟ್ಟಿನಲ್ಲಿ 30 ಚುಕ್ಕೆ ಆಗುತ್ತವೆ. ಅಲ್ಲಿನ ಎಂಜಲೆಲೆ ನನ್ನ ಕೈಯಲ್ಲಿಲ್ಲ. ಅಂಥ ವಾರ ಡಬ್ಬಿಗಳ ಮುಚ್ಚಳದ ಮೇಲೆ ಇನ್ನಷ್ಟು ಕಣ್ಣಿಡುತ್ತೇನೆ. ಪ್ರತಿ ಶನಿವಾರ ರಟ್ಟು ಬದಲಿಸಿ, ಹಳೆಯದರ ಹಿಂದೆ ತಾರೀಖು ಬರೆದು ಡಬ್ಬದಲ್ಲಿ ಇಡುತ್ತೇನೆ. ಮುಸುರೆ ತೊಳೆಯುವಾಕೆಯ ಮಗಳಿಗೆ ಈಗ ಆರು ವರ್ಷ. ಚುಕ್ಕೆ ಎಣಿಸುವ ಕೆಲಸ ಅವಳದೇ.