ಅರವತ್ತು ದಾಟಿದವರ ದೀಪಾವಳಿ ಆಫರ್: ನನ್ನ ಅನುಭವ

ಹಾಸನದಲ್ಲಿ ನಮ್ಮದು ಬಟ್ಟೆ ಅಂಗಡಿ. ವಯಸ್ಸಾದವರಿಗೆ ಅಂತ ಬೇರೆ ಆಫರ್ ಇಡ್ತೀನಿ ಅಂದಾಗ ಪಕ್ಕದ ಅಂಗಡಿಯವರು, 'ಅವರು ತಮಗೆ ಅಂತ ಏನು ತಗೋತಾರೆ ಮಾರಾಯ' ಅಂದಿದ್ದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು.

ಆಗ ಸುಮಾರು 5,000 ಕರಪತ್ರ ಹೊಡೆಸಿದ್ದೆ. 'ಪ್ರೀತಿಯ ಅಜ್ಜ-ಅಜ್ಜಿಯರಿಗೆ 20% ರಿಯಾಯಿತಿ', ಜೊತೆಗೆ ಕೋಲು ಹಿಡಿದ ಜೋಡಿಯ ಚಿತ್ರ. ಅವರ ಸ್ವಂತ ಬಟ್ಟೆಗೆ ಮಾತ್ರ, ಕೌಂಟರಿನಲ್ಲಿ ಆಧಾರ್ ತೋರಿಸಬೇಕು. ಬಿಲ್ ಆಗಿದ್ದು ನಲವತ್ತೋ ಐವತ್ತೋ. ಒಬ್ಬ ನಿವೃತ್ತ ಮೇಷ್ಟ್ರು ಕರಪತ್ರವನ್ನು ಮಡಿಸಿ ನನ್ನ ಕೈಗೇ ಕೊಟ್ಟರು. 'ನಾನು ನಿಮ್ಮ ಗಿರಾಕಿ ಕಣಪ್ಪ, ಅಜ್ಜ ಅಲ್ಲ' ಅಂದರು. ಪಂಚೆಗೆ ಪೂರ್ತಿ ದುಡ್ಡು ಕೊಟ್ಟು ಹೋದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಲೆಕ್ಕವೂ ತಪ್ಪಿತ್ತು. ಸರಾಸರಿ ಬಿಲ್ 900. ನಮ್ಮ ಮಾರ್ಜಿನ್ ಅಂದಾಜು 30%, ಅಂದರೆ 270. ಅದರಲ್ಲಿ 180 ಬಿಟ್ಟುಕೊಟ್ಟರೆ ಉಳಿಯೋದು 90.

ಮರುವರ್ಷ ಎಲ್ಲಾ ಬದಲಾಯಿಸಿದೆ. 'ಅರವತ್ತು ದಾಟಿದ ನಮ್ಮ ಗ್ರಾಹಕರಿಗೆ, ಬೆಳಗ್ಗೆ 9.30ರಿಂದ 11.30, ಇಡೀ ಬಿಲ್ಲಿಗೆ 10%' ಅಷ್ಟೇ ಬರೆಸಿದೆ. ಚಿತ್ರ ಇಲ್ಲ, ಆಧಾರ್ ಇಲ್ಲ, ಬಾಯಿಮಾತು ಸಾಕು. ಸುಳ್ಳು ಹೇಳಿದವರು ಹತ್ತು ಹನ್ನೆರಡು ಜನ ಇರಬಹುದು, ಹೋಗಲಿ. ಈ ವಯಸ್ಸಿನವರು ಮೊದಲು ಮಗಳಿಗೆ ಸೀರೆ, ಮೊಮ್ಮಕ್ಕಳಿಗೆ ಬಟ್ಟೆ ಆರಿಸ್ತಾರೆ, ಕೊನೆಗೆ ತಮಗೆ. ಆ ಕೊಡುವ ಖುಷಿಗೇ ನಾನು ಮೊದಲ ವರ್ಷ ಅಡ್ಡ ನಿಂತಿದ್ದೆ. ಈಗ ಬಿಲ್ 3,200ರ ಆಸುಪಾಸು. 320 ಬಿಟ್ಟರೂ 640 ಉಳೀತದೆ.

ಕರಪತ್ರ ಪೇಪರಿನೊಳಗೆ ಹೋಗಿದ್ದು ತಿಂಗಳ ಮೊದಲ ವಾರ, ಪಿಂಚಣಿ ಕೈಗೆ ಬಂದ ಹೊತ್ತಿಗೆ. ಹುಡುಗರಿಗೆ ಒಂದೇ ಮಾತು ಹೇಳಿದ್ದೆ: 'ಕಡಿಮೆ ರೇಟಿನದು ತೋರಿಸ್ಲಾ ಅಂತ ನೀವಾಗೇ ಕೇಳಬೇಡಿ.' ಬೆಲೆ ಚೀಟಿಯನ್ನು ದಪ್ಪ ಮಾರ್ಕರಿನಲ್ಲಿ ಮತ್ತೆ ಬರೆಸಿದೆ. ಕುರ್ಚಿ ಎಲ್ಲರಿಗೂ ಹಾಕಿಸಿದೆ. ಅವರಿಗೆ ಮಾತ್ರ ಹಾಕಿದರೆ ಯಾರೂ ಕೂರಲ್ಲ, ನೋಡಿದ್ದೇನೆ. ಯಾವ ಸೀರೆಯನ್ನು ಮೊದಲು ಬಿಚ್ಚಿ ಹರಡ್ತೀವಿ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ನಡುವೆ ಮನೆಗೇ ಸೀರೆ ಕಳಿಸಿ ತೋರಿಸುವ ಪ್ರಯೋಗವನ್ನೂ ಮಾಡಿದೆ. ಆಟೋ ಖರ್ಚೇ ಎರಡು ಸಾವಿರದ ಹತ್ತಿರ ಹೋಯಿತು, ವ್ಯಾಪಾರ ಏಳೆಂಟು ಸೀರೆ. ಹತ್ತಾರು ಸೀರೆ ಬಾಗಿಲ ಬೆಳಕಿಗೆ ಹಿಡಿದು, ಸೆರಗು ತಿರುಗಿಸಿ ನೋಡದೆ ಅವರು ಒಪ್ಪಲ್ಲ. ಕೌಂಟರಿನಲ್ಲಿಟ್ಟ ಓದುವ ಕನ್ನಡಕವನ್ನು ಮಾತ್ರ ಎಲ್ಲ ವಯಸ್ಸಿನವರೂ ಬಳಸಿದರು.

ಹಾಸನಾಂಬೆ ಬಾಗಿಲು ತೆರೆಯೋದೂ ದೀಪಾವಳಿ ಹೊತ್ತಿಗೇ ಅಲ್ವಾ, ಊರೆಲ್ಲ ಜನ. ಅರಕಲಗೂಡಿನಿಂದ ದರ್ಶನಕ್ಕೆ ಬಂದಿದ್ದ ದಂಪತಿ ಅಂಗಡಿಗೆ ಬಂದಾಗ ಹನ್ನೆರಡೂವರೆ. ಸಮಯ ಮುಗೀತು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಈ ಸಲದ ಕರಪತ್ರದಲ್ಲಿ 'ಹೊರ ಊರಿನವರಿಗೆ ದಿನವಿಡೀ' ಅಂತ ಸೇರಿಸಿದ್ದೇನೆ.