38 ಟಾಸ್ ಗೆದ್ದರೂ 1,800 ರೂಪಾಯಿ ಹೋಗಿದ್ದು ಎಲ್ಲಿಗೆ

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಎಷ್ಟು ತೊಗರಿ ಬಂತು, ಎಷ್ಟು ಬೇಳೆ ಹೋಯ್ತು, ಯಾರಿಗೆ ಎಷ್ಟು ದಲಾಲಿ ಕೊಟ್ಟೆವು, ಇದೇ ನನ್ನ ದಿನದ ಕೆಲಸ. ಹಾಗಾಗಿ ನಮ್ಮ ಮನೆಯಲ್ಲಿ ಯಾರಿಗೆ ಹಿಸಾಬು ಕೂಡಲಿಲ್ಲ ಅಂದರೂ ನನ್ನ ಹತ್ತಿರವೇ ಬರುತ್ತಾರೆ.

2023ರ ಐಪಿಎಲ್ ಮುಗಿದು ಒಂದು ವಾರ ಆಗಿತ್ತು. ಅಕ್ಕನ ಮಗ ಬಂದು ಫೋನ್ ಮುಂದೆ ಹಿಡಿದ. ಇಡೀ ಸೀಸನ್ ಟಾಸ್ ಮೇಲೆ ಮಾತ್ರ ದುಡ್ಡು ಕಟ್ಟಿದ್ದನಂತೆ, ಒಂದೊಂದು ಟಾಸಿಗೆ ಸಾವಿರದಂತೆ. ಮ್ಯಾಚ್ ಯಾರು ಗೆಲ್ಲುತ್ತಾರೆ ಅನ್ನೋದು ಕಷ್ಟದ ಪ್ರಶ್ನೆ, ಟಾಸ್ ಆದರೆ ಅರ್ಧಕ್ಕರ್ಧ, ಅದರಲ್ಲಿ ಹೋಗೋದೇನಿದೆ ಅನ್ನೋದು ಅವನ ಲೆಕ್ಕಾಚಾರ.

"ಮಾಮಾ, 74 ಟಾಸಿನ್ಯಾಗ 38 ಗೆದ್ದೀನ್ರಿ, 36 ಸೋತೀನಿ. ಆದ್ರೂ ನಾನೇ 1,800 ಕೊಡಬೇಕು ಅಂತಾನ ಬುಕ್ಕಿ. ಮೋಸ ಮಾಡ್ಯಾನ ಅನಸ್ತದ, ನೀವೊಮ್ಮೆ ಕೂಡಿಸಿ ನೋಡ್ರಿ."

ಬೈಯಬೇಕು ಅನ್ನಿಸಿತು. ಕಾನೂನಿಗೆ ವಿರುದ್ಧದ ಕೆಲಸ, ಅದೂ ದುಡಿದ ದುಡ್ಡಲ್ಲಿ. ಆದರೆ ಬೈದರೆ ಹುಡುಗ ಮುಂದಿನ ಸಲ ಫೋನ್ ತೋರಿಸಲ್ಲ ಅಲ್ವಾ? ಸುಮ್ನೆ ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ಗೆರೆ ಹೊಡೆದೆ. ತಾರೀಖು, ಕಟ್ಟಿದ ತಂಡ, ಭಾವ, ಬಂದದ್ದು, ಹೋದದ್ದು. ಅವನು ಒಂದೊಂದೇ ಮೆಸೇಜ್ ಓದಿ ಹೇಳಿದ, ನಾನು ಬರೆದೆ.

ಬರೆಯುತ್ತಾ ಹೋದಂತೆ ನನಗೆ ಕಂಡಿದ್ದು ಭಾವದ ಕಾಲಮ್. ಮೇಲಿಂದ ಕೆಳಗಿನ ತನಕ ಒಂದೇ ಅಂಕಿ: 90. ಎರಡೂ ತಂಡಕ್ಕೆ ತೊಂಬತ್ತು ಪೈಸೆ. ಅಂದರೆ ಒಂದು ರೂಪಾಯಿ ಕಟ್ಟಿ ಗೆದ್ದರೆ ನಿಮ್ಮ ರೂಪಾಯಿ ವಾಪಸ್, ಮೇಲೆ ತೊಂಬತ್ತು ಪೈಸೆ. ಸೋತರೆ ಪೂರ್ತಿ ರೂಪಾಯಿ ಹೋಯ್ತು. ಇದನ್ನೇ ಆ್ಯಪ್‌ಗಳಲ್ಲಿ 1.90 ಅಂತ ತೋರಿಸುತ್ತಿದ್ದರು.

ಈಗ ಕೂಡಿಸಿ. 38 ಗೆಲುವಿಗೆ ತಲಾ 900, ಒಟ್ಟು 34,200. 36 ಸೋಲಿಗೆ ತಲಾ ಸಾವಿರ, 36,000. ಕಳೆದರೆ ಸರಿಯಾಗಿ 1,800 ಕಡಿಮೆ. ಹಿಸಾಬಿನಲ್ಲಿ ಒಂದು ರೂಪಾಯಿ ಮೋಸ ಇರಲಿಲ್ಲ. ಹುಡುಗನ ಮುಖ ಸಣ್ಣದಾಯ್ತು.

"ಹತ್ತು ಪೈಸೆ ಏನ್ ಮಹಾ ಅಂತ ಬಿಟ್ಟಿದ್ದೆ ಮಾಮಾ" ಅಂದ.

ಆ ಹತ್ತು ಪೈಸೆ ಎಲ್ಲಿಂದ ಬಂತು ಅಂತ ಅವನಿಗೆ ಹೀಗೆ ಹೇಳಿದೆ. ನಾಣ್ಯಕ್ಕೆ ಎರಡೇ ಮುಖ. ನೀನು ಒಂದು ತಂಡಕ್ಕೆ ಸಾವಿರ ಕಟ್ಟಿದೆ, ನಿನ್ನ ಗೆಳೆಯ ಇನ್ನೊಂದಕ್ಕೆ ಸಾವಿರ ಕಟ್ಟಿದ. ನಡುವೆ ಯಾರೂ ಇಲ್ಲದಿದ್ದರೆ ಗೆದ್ದವನು ಎರಡು ಸಾವಿರ ಎತ್ತಿಕೊಳ್ಳುತ್ತಾನೆ. ಅಂದರೆ ಸಾವಿರಕ್ಕೆ ಸಾವಿರ, ರೂಪಾಯಿಗೆ ರೂಪಾಯಿ. ಸಮ ಭಾವ ಅಂದರೆ ಇದೇ, ಆ್ಯಪಿನ ಲೆಕ್ಕದಲ್ಲಿ 2.00. ಈ ಭಾವದಲ್ಲಿ ನೂರು ಸಲ ಆಡಿ ಐವತ್ತು ಗೆದ್ದು ಐವತ್ತು ಸೋತರೆ ಜೇಬಿನಲ್ಲಿದ್ದದ್ದು ಹಾಗೇ ಇರುತ್ತದೆ. ಯಾರೂ ಯಾರಿಗೂ ಕೊಡೋದಿಲ್ಲ. ನ್ಯಾಯದ ಭಾವ ಇದೊಂದೇ, ಬೇರೆ ಯಾವುದೂ ಇರಲು ಸಾಧ್ಯ ಇಲ್ಲ, ಯಾಕೆಂದರೆ ಎರಡು ಮುಖಕ್ಕೂ ಬೀಳುವ ಅವಕಾಶ ಒಂದೇ.

ಈಗ ನಡುವೆ ಒಬ್ಬ ಕೂತ. ಇಬ್ಬರಿಂದಲೂ ಸಾವಿರ ಸಾವಿರ ತೆಗೆದುಕೊಂಡ, ಕೈಯಲ್ಲಿ 2,000. ಗೆದ್ದವನಿಗೆ 1,900 ಕೊಟ್ಟ. ಉಳಿದ 100 ಅವನದು. ಟಾಸ್ ಯಾರು ಗೆದ್ದರೂ ಅವನದೇ. ಎರಡು ಸಾವಿರಕ್ಕೆ ನೂರು ಅಂದರೆ ನೂರಕ್ಕೆ ಐದು. ಸಾವಿರ ಕಟ್ಟಿದ ಪ್ರತಿಯೊಬ್ಬನಿಗೂ ಸರಾಸರಿ ಬೀಳುವ ಖರ್ಚು 50 ರೂಪಾಯಿ.

ನಮ್ಮ ಎಪಿಎಂಸಿಯಲ್ಲಿ ತೊಗರಿ ಮಾರಿದರೆ ಪಟ್ಟಿಯಲ್ಲಿ ದಲಾಲಿ ಬೇರೆ ಸಾಲಿನಲ್ಲಿ ಬರೆದಿರುತ್ತಾರೆ, ಹಮಾಲಿ ಬೇರೆ ಸಾಲು. ರೈತ ಬೆರಳಿಟ್ಟು ಕೇಳಬಹುದು, ಇದು ಯಾಕೆ ಇಷ್ಟು ಅಂತ. ಇಲ್ಲಿ ಆ ಸಾಲೇ ಇಲ್ಲ. ದಲಾಲಿ ಭಾವದ ಒಳಗೇ ಸೇರಿಕೊಂಡಿದೆ. ಸೋತಾಗ ಸಾವಿರ ಹೋಯ್ತು ಅಂತ ಕಾಣುತ್ತದೆ, ಗೆದ್ದಾಗ 900 ಬಂತು ಅಂತ ಕಾಣುತ್ತದೆ, 50 ಹೋಯ್ತು ಅಂತ ಎಲ್ಲೂ ಕಾಣೋದಿಲ್ಲ. ಅದಕ್ಕೇ ನೋಟ್‌ಬುಕ್ಕಿನಲ್ಲಿ ನಾನೇ ಇನ್ನೊಂದು ಕಾಲಮ್ ಎಳೆದು ಮೇಲೆ 'ದಲಾಲಿ' ಅಂತ ಬರೆದೆ. ಗೆದ್ದ ದಿನವೂ 50, ಸೋತ ದಿನವೂ 50. ಕೊನೆಗೆ 74 ಸಲ 50, ಅಂದರೆ 3,700.

ಹುಡುಗನಿಗೆ ಇಲ್ಲೊಂದು ಅನುಮಾನ ಬಂತು, ಒಳ್ಳೆಯ ಅನುಮಾನವೇ. "ನಂದು ಹೋಗಿದ್ದು 1,800 ಅಷ್ಟೇ ಅಲ್ರಿ, 3,700 ಎಲ್ಲಿ?" ಸರಿಯೇ. ಅವನು ಅರ್ಧಕ್ಕಿಂತ ಒಂದು ಟಾಸ್ ಜಾಸ್ತಿ ಗೆದ್ದಿದ್ದ. 37ರ ಜಾಗದಲ್ಲಿ 38. ಒಂದು ಟಾಸ್ ಸೋಲಿನ ಕಡೆಯಿಂದ ಗೆಲುವಿನ ಕಡೆ ಬಂದರೆ 1,900 ರೂಪಾಯಿ ವ್ಯತ್ಯಾಸ. ಅದೃಷ್ಟ 1,900 ಕೊಟ್ಟಿತು, ದಲಾಲಿ 3,700 ತೆಗೆದುಕೊಂಡಿತು, ಉಳಿದದ್ದು 1,800 ಸಾಲ. ಈ ಭಾವದಲ್ಲಿ 74ರಲ್ಲಿ 39 ಗೆದ್ದರೆ ಮಾತ್ರ ಕೈಯಲ್ಲಿ ಏನಾದರೂ ಉಳಿಯುತ್ತದೆ, ಅದೂ ನೂರು ರೂಪಾಯಿ.

ಇನ್ನೊಂದು ಮಾತು, ಬಹಳ ಜನ ಇಲ್ಲೇ ಎಡವುತ್ತಾರೆ. ನೂರಕ್ಕೆ ಐದು ಅಂದರೆ ಸಣ್ಣದು ಅನ್ನಿಸುತ್ತದೆ. ಆದರೆ ಅದು ನಿಮ್ಮ ಬಂಡವಾಳದ ಮೇಲೆ ಅಲ್ಲ, ಕಟ್ಟಿದ ಒಟ್ಟು ಮೊತ್ತದ ಮೇಲೆ. ಹುಡುಗ ಶುರು ಮಾಡಿದ್ದು ಹತ್ತು ಸಾವಿರ ಇಟ್ಟುಕೊಂಡು. ಅದೇ ದುಡ್ಡು ಹೋಗುತ್ತಾ ಬರುತ್ತಾ ಎರಡು ತಿಂಗಳಲ್ಲಿ 74,000 ರೂಪಾಯಿ ಕಟ್ಟಿದ ಹಾಗಾಯ್ತು. ಹತ್ತು ಸಾವಿರದ ಮುಂದೆ 3,700 ಇಟ್ಟು ನೋಡಿ. ಬಂಡವಾಳದ ನೂರಕ್ಕೆ 37 ದಲಾಲಿಗೇ!

ಹಾಗಾದರೆ ಗೆಲ್ಲುವವರು ಇಲ್ಲವೇ? ಇದ್ದಾರೆ, ಅದೇ ತೊಂದರೆ. ಅವನ ಜೊತೆಯವನೊಬ್ಬ ಅದೇ ಸೀಸನ್‌ನಲ್ಲಿ 43 ಗೆದ್ದಿದ್ದನಂತೆ. ಲೆಕ್ಕ ಹಾಕಿದರೆ 7,700 ಲಾಭ. ಟಾಸ್ ಹಿಡಿಯೋದು ಅವನಿಗೆ ಗೊತ್ತು ಅಂತ ಓಣಿಯಲ್ಲೆಲ್ಲ ಹೆಸರು. ನಾನು ಕೂತು ಲೆಕ್ಕ ಮಾಡಿದೆ. 74 ಸಲ ನಾಣ್ಯ ಚಿಮ್ಮಿದರೆ 37ರಿಂದ ನಾಲ್ಕು ಮೇಲೆ, ನಾಲ್ಕು ಕೆಳಗೆ ಹೋಗೋದು ಮಾಮೂಲು. ಏನೂ ಗೊತ್ತಿಲ್ಲದೆ ಕಣ್ಣು ಮುಚ್ಚಿ ಆಡಿದರೂ ನೂರು ಜನರಲ್ಲಿ ಸುಮಾರು 36 ಜನ ಒಂದು ಸೀಸನ್ ಲಾಭದಲ್ಲಿ ಮುಗಿಸುತ್ತಾರೆ. ಹತ್ತು ಸೀಸನ್ ಆಡಿದರೆ ಲಾಭದಲ್ಲಿ ಉಳಿಯುವವರು ನೂರಕ್ಕೆ ಏಳೆಂಟು ಜನ. ಅದಕ್ಕೇ ಒಂದು ಸೀಸನ್ ಫಲಿತಾಂಶ ನೋಡಿ ಏನೂ ಹೇಳಲು ಆಗಲ್ಲ. ನೋಡಬೇಕಾದದ್ದು ಎರಡು ಕಡೆಯ ಭಾವ. ಅದು ಮೊದಲ ದಿನವೇ ಎಲ್ಲ ಹೇಳಿಬಿಡುತ್ತದೆ.

ನೋಡುವ ಬಗೆ ಹೀಗೆ. ಎರಡೂ ಭಾವದಿಂದ ಒಂದನ್ನು ಭಾಗಿಸಿ ಕೂಡಿಸಿ.

```
1/1.90 + 1/1.90 = 1.0526
1/1.85 + 1/1.95 = 1.0534
1/2.00 + 1/2.00 = 1.0000
```

ಒಂದರ ಮೇಲೆ ಬಂದದ್ದು ನಡುವಿನವನಿಂದ. ಅದನ್ನು ಒಟ್ಟು ಮೊತ್ತದಿಂದ ಭಾಗಿಸಿದರೆ ಅವನ ಪಾಲು ಸಿಗುತ್ತದೆ: 0.0526 ಅನ್ನು 1.0526ರಿಂದ ಭಾಗಿಸಿದರೆ 0.05, ಅದೇ ನೂರಕ್ಕೆ ಐದು. ಎರಡನೆಯ ಸಾಲು ನೋಡಿ. ಒಂದು ಕಡೆ 95 ಪೈಸೆ ಕೊಡುತ್ತಿದ್ದಾನೆ, ದೊಡ್ಡ ಮನಸ್ಸು ಮಾಡಿದ ಅನ್ನಿಸುತ್ತದೆ, ಆದರೆ ಇನ್ನೊಂದು ಕಡೆಯಿಂದ ಅದನ್ನು ವಸೂಲಿ ಮಾಡಿರುತ್ತಾನೆ. ಮ್ಯಾಚಿನ ಮೇಲಿನ ಭಾವದಲ್ಲೂ ಹೀಗೇ ಕೂಡಿಸಬಹುದು, ಆದರೆ ಅಲ್ಲಿ ಯಾವ ತಂಡದ ನಿಜವಾದ ಭಾವ ಎಷ್ಟು ಅಂತ ಯಾರಿಗೂ ಖಚಿತ ಇಲ್ಲ, ಪಿಚ್ ಗೊತ್ತಿರುವವನಿಗೆ ಸ್ವಲ್ಪ ಜಾಸ್ತಿ ಗೊತ್ತಿರಬಹುದು. ಟಾಸಿನಲ್ಲಿ ಮಾತ್ರ ನಿಜವಾದ ಭಾವ ಎಲ್ಲರಿಗೂ ಗೊತ್ತು, ಯಾರಿಗೂ ಅದಕ್ಕಿಂತ ಜಾಸ್ತಿ ಗೊತ್ತಿರಲು ಸಾಧ್ಯವೂ ಇಲ್ಲ.

ಹುಡುಗ ಬಿಡಲಿಲ್ಲ. ನಾಣ್ಯ ಪೂರ್ತಿ ಅರ್ಧಕ್ಕರ್ಧ ಅಲ್ಲ ಅಂತ ಎಲ್ಲೋ ಓದಿದ್ದ. ಅದು ನಿಜ. 2023ರಲ್ಲಿ ಫ್ರಾಂಟಿಶೆಕ್ ಬಾರ್ಟೋಷ್ ಮತ್ತು ಸಂಗಡಿಗರು 3,50,757 ಸಲ ನಾಣ್ಯ ಚಿಮ್ಮಿ ಬರೆದಿಟ್ಟರು. ಚಿಮ್ಮುವಾಗ ಮೇಲಿದ್ದ ಮುಖವೇ ಮೇಲಾಗಿ ಬಿದ್ದದ್ದು ನೂರಕ್ಕೆ 50.8 ಸಲ. ಸರಿ, ಇದೂ ನಿನಗೆ ಪ್ರತಿಸಲ ಗೊತ್ತಿದೆ ಅಂತ ಇಟ್ಟುಕೋ ಅಂದೆ. ಸಾವಿರ ಟಾಸಿನಲ್ಲಿ 508 ಗೆಲುವು, 492 ಸೋಲು. ತೊಂಬತ್ತು ಪೈಸೆ ಭಾವದಲ್ಲಿ ಲೆಕ್ಕ ಹಾಕಿದರೆ ಟಾಸಿಗೆ 50 ಹೋಗುತ್ತಿದ್ದದ್ದು 35ಕ್ಕೆ ಇಳಿಯಿತು, ಅಷ್ಟೇ. ಲಾಭ ಬರಲಿಲ್ಲ. ಅಲ್ಲದೆ ಅಷ್ಟು ಗೊತ್ತಾಗೋದಾದರೂ ಹೇಗೆ? ಒಬ್ಬ ನಾಯಕ ನಾಣ್ಯ ಚಿಮ್ಮುತ್ತಾನೆ, ಅದು ಗಾಳಿಯಲ್ಲಿರುವಾಗ ಇನ್ನೊಬ್ಬ ಹೆಡ್ಸ್ ಅಥವಾ ಟೇಲ್ಸ್ ಅಂತಾನೆ. ನೀನು ದುಡ್ಡು ಕಟ್ಟಿದ್ದು ಅದಕ್ಕೂ ಮೊದಲು, ಅದೂ ತಂಡದ ಮೇಲೆ.

ಅವತ್ತು ಅವನು ಬಾಕಿ ಕೊಟ್ಟು ಬಿಟ್ಟುಬಿಟ್ಟ. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯೂ ಬಂತು. ಆದರೆ ನೋಟ್‌ಬುಕ್ ಬಿಡಲಿಲ್ಲ ನಾವು. ಅದೇ ವರ್ಷ ಮಾರ್ಚ್ 9ರಂದು ದುಬೈನಲ್ಲಿ ಚಾಂಪಿಯನ್ಸ್ ಟ್ರೋಫಿ ಫೈನಲ್, ಭಾರತ ಏಕದಿನ ಪಂದ್ಯದಲ್ಲಿ ಸತತ 15ನೇ ಟಾಸ್ ಸೋತಿತ್ತು. "ಇನ್ನ ಸೋಲ್ಲಿಕ್ಕೆ ಸಾಧ್ಯನೇ ಇಲ್ಲ ಮಾಮಾ, ಸೋತಾಗೆಲ್ಲ ಡಬಲ್ ಕಟ್ಕೋತ ಹೋದ್ರ ಒಮ್ಮೆ ಗೆದ್ರ ಸಾಕು, ಎಲ್ಲಾ ವಾಪಸ್ ಬರ್ತದ" ಅಂದ. ದುಡ್ಡು ಬೇಡ, ಪೆನ್ನಿನಲ್ಲಿ ಕಟ್ಟು ಅಂದೆ. 16ನೇ ಟಾಸಿಗೆ ಸಾವಿರ ಅಂತ ಬರೆದ.

ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಮೂರೂ ಟಾಸ್ ಸೋಲು. ರಾಂಚಿ, ರಾಯಪುರ, ಅಲ್ಲೂ ಸೋಲು. ಒಟ್ಟು 20 ಆಯ್ತು. ನೋಟ್‌ಬುಕ್ಕಿನಲ್ಲಿ 1, 2, 4, 8, 16 ಸಾವಿರ, ಸೇರಿ 31,000 ಹೋಗಿತ್ತು. ಡಿಸೆಂಬರ್ 6ಕ್ಕೆ ವಿಶಾಖಪಟ್ಟಣದಲ್ಲಿ ಕೆ.ಎಲ್. ರಾಹುಲ್ ಟಾಸ್ ಗೆದ್ದಾಗ ಹುಡುಗ ಎದ್ದು ಕುಣಿದ. 32 ಸಾವಿರ ಬರೆದಿದ್ದ. ಆಮೇಲೆ ಪೆನ್ ತೆಗೆದುಕೊಂಡು ತೊಂಬತ್ತು ಪೈಸೆ ಭಾವ ಹಾಕಿದ: 28,800. ಮೇಲೆ 31,000 ಬರೆದು ಕಳೆದ. ಮತ್ತೊಮ್ಮೆ ಕಳೆದ.

"2,200 ಇನ್ನೂ ನಾನೇ ಕೊಡಬೇಕಾಗ್ತದಲ್ರಿ ಮಾಮಾ" ಅಂದ, ಟಿವಿ ಕಡೆ ನೋಡದೆ.