‘ದಿನಕ್ಕೆ ಎರಡು ಪರ್ಸೆಂಟ್ ಗ್ಯಾರಂಟಿ’ ಅನ್ನುವ ಆ್ಯಪ್: ದುಡ್ಡು ಹಾಕುವ ಮುಂಚೆ ಏನು ನೋಡಬೇಕು?

ನಮ್ಮ ಬೀದಿಯ ಕಿರಾಣಿ ಅಂಗಡಿಯವರು ಒಂದು ಆಟೋ ಟ್ರೇಡಿಂಗ್ ಆ್ಯಪ್‌ಗೆ 20,000 ರೂಪಾಯಿ ಹಾಕಿದ್ದರು. ಮೂರನೇ ದಿನ ಪರೀಕ್ಷೆ ಮಾಡೋಣ ಅಂತ 1,500 ವಾಪಸ್ ತೆಗೆದರು. ಹತ್ತೇ ನಿಮಿಷಕ್ಕೆ ಬ್ಯಾಂಕಿಗೆ ಬಂತು. ಆ ಧೈರ್ಯದ ಮೇಲೆ ಮನೆಯವರ ಬಳೆ ಅಡವಿಟ್ಟು ಇನ್ನೂ 1.8 ಲಕ್ಷ ಹಾಕಿದರು. ನನಗೆ ವಿಷಯ ಗೊತ್ತಾಗಿದ್ದು ಅವರು ಕೈಸಾಲ ಕೇಳಲು ಬಂದಾಗ. ಆ್ಯಪ್‌ನಲ್ಲಿ 2.6 ಲಕ್ಷ ಕಾಣಿಸುತ್ತಿತ್ತಂತೆ. ತೆಗೆಯಬೇಕಾದರೆ ಮೊದಲು 18 ಪರ್ಸೆಂಟ್ ‘ಟ್ಯಾಕ್ಸ್’, ಅಂದರೆ 46,800 ಕಟ್ಟಬೇಕಂತೆ. “ಸುಮ್ನೆ ಹಾಕಲಿಲ್ಲ ಸಾರ್, ಚೆಕ್ ಮಾಡಿಯೇ ಹಾಕಿದ್ದು” ಅಂದರು.

ಅವರು ಚೆಕ್ ಮಾಡಿದ್ದು ನಿಜ. ಆದರೆ ಮೋಸ ಮಾಡುವವನು ಯಾವುದಕ್ಕೆ ತಯಾರಾಗಿ ಕೂತಿದ್ದನೋ ಅದನ್ನೇ ಚೆಕ್ ಮಾಡಿದ್ದರು. ಸಣ್ಣ ಮೊತ್ತ ವಾಪಸ್ ಕೊಡುವುದು ಅವನಿಗೆ ಗಾಳಕ್ಕೆ ಸಿಕ್ಕಿಸುವ ಎರೆಹುಳು. ಹಾಗಾಗಿ ಆ ಪರೀಕ್ಷೆಯನ್ನು ಮರೆತುಬಿಡಿ.

ಮೊದಲನೆಯದು, ಲೆಕ್ಕ ಹಾಕಿ

ದಿನಕ್ಕೆ ಎರಡು ಬೇಡ, ಒಂದೇ ಪರ್ಸೆಂಟ್ ಅಂದುಕೊಳ್ಳಿ. ಷೇರುಪೇಟೆ ವರ್ಷಕ್ಕೆ ಸುಮಾರು 250 ದಿನ ನಡೆಯುತ್ತದೆ. ಲಾಭವನ್ನು ಅಲ್ಲೇ ಬಿಟ್ಟರೆ ಒಂದು ಲಕ್ಷ ವರ್ಷಕ್ಕೆ 12 ಲಕ್ಷ ಆಗುತ್ತದೆ. ಎರಡನೇ ವರ್ಷದ ಕೊನೆಗೆ 1.4 ಕೋಟಿ ದಾಟುತ್ತದೆ. ಇಂಥ ಯಂತ್ರ ಕೈಯಲ್ಲಿದ್ದವನು ನಿಮ್ಮ 20 ಸಾವಿರಕ್ಕೆ ಟೆಲಿಗ್ರಾಂನಲ್ಲಿ ಯಾಕೆ ಕಾಯುತ್ತಾನೆ?

ಕಂಪ್ಯೂಟರ್ ಪ್ರೋಗ್ರಾಂ ತಾನಾಗಿಯೇ ಷೇರು ಕೊಂಡು ಮಾರುವ ನಿಜವಾದ ಆಲ್ಗೋ ಟ್ರೇಡಿಂಗ್ ಇದೆ, ಅದು ಕಾನೂನುಬದ್ಧವೂ ಹೌದು. ಆದರೆ ಅದು ನಷ್ಟವನ್ನೂ ಮಾಡುತ್ತದೆ. ಆಲ್ಗೋ ಇಷ್ಟು ಲಾಭ ಕೊಟ್ಟಿತ್ತು, ಇಷ್ಟು ಕೊಡುತ್ತದೆ ಎಂದು ಬ್ರೋಕರ್‌ಗಳು ಹೇಳುವಂತಿಲ್ಲ, ಹಾಗೆ ಹೇಳುವವರ ಜೊತೆ ನಂಟೂ ಇಟ್ಟುಕೊಳ್ಳುವಂತಿಲ್ಲ ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022ರ ಸೆಪ್ಟೆಂಬರ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಹಾಗಾಗಿ ಜಾಹೀರಾತಿನಲ್ಲಿ ‘ಗ್ಯಾರಂಟಿ’ ಕಂಡರೆ ಮುಂದಿನ ಹೆಜ್ಜೆಗಳೇ ಬೇಕಿಲ್ಲ. ಆದರೂ ಮನಸ್ಸು ಕೇಳುವುದಿಲ್ಲ ಅಲ್ವಾ? ಮುಂದೆ ಓದಿ.

ಎರಡನೆಯದು, ದುಡ್ಡು ಯಾರ ಖಾತೆಗೆ ಹೋಗುತ್ತದೆ?

ನನ್ನ ಪ್ರಕಾರ ಇದೊಂದನ್ನು ಸರಿಯಾಗಿ ನೋಡಿದರೆ ಮುಕ್ಕಾಲು ಕೆಲಸ ಮುಗಿಯಿತು. ನಿಜವಾದ ಆಲ್ಗೋ ಟೂಲ್ ನಿಮ್ಮ ಬಂಡವಾಳವನ್ನು ಮುಟ್ಟುವುದೇ ಇಲ್ಲ. ದುಡ್ಡು ನಿಮ್ಮ ಹೆಸರಿನ ಟ್ರೇಡಿಂಗ್ ಖಾತೆಯಲ್ಲಿ, ನಿಮ್ಮ ಬ್ರೋಕರ್ ಹತ್ತಿರವೇ ಇರುತ್ತದೆ. ಟೂಲ್ ಅಲ್ಲಿಗೆ ‘ಕೊಳ್ಳು’, ‘ಮಾರು’ ಎಂಬ ಆರ್ಡರ್ ಮಾತ್ರ ಕಳಿಸುತ್ತದೆ. ಟೂಲ್‌ನವರಿಗೆ ಸಿಗುವುದು ಚಂದಾ ಹಣ. ಖಾತೆ ಜೋಡಿಸುವಾಗಲೂ ನಿಮ್ಮ ಬ್ರೋಕರ್‌ನ ಸ್ವಂತ ಲಾಗಿನ್ ಪುಟ ತೆರೆದುಕೊಳ್ಳಬೇಕು. ಪಾಸ್‌ವರ್ಡನ್ನು ವಾಟ್ಸಾಪ್‌ನಲ್ಲಿ ಕಳಿಸಿ ಅಂದರೆ ಅಲ್ಲಿಗೆ ಮಾತು ಮುಗಿಸಿ.

ಅಂಗಡಿಯವರ ದುಡ್ಡು ಹೋಗಿದ್ದು ಯಾವುದೋ ಎಂಟರ್‌ಪ್ರೈಸಸ್ ಹೆಸರಿನ ಖಾತೆಗೆ. ಎರಡನೇ ಕಂತು ಇನ್ನೊಬ್ಬ ವ್ಯಕ್ತಿಯ ಉಳಿತಾಯ ಖಾತೆಗೆ. ಪ್ರತಿ ಸಲ ಹೊಸ ಯುಪಿಐ ಐಡಿ. ಕೇಳಿದ್ದಕ್ಕೆ “ಬ್ಯಾಂಕ್ ಲಿಮಿಟ್ ಮುಗಿದಿದೆ” ಎಂಬ ಉತ್ತರ.

2025ರ ಅಕ್ಟೋಬರ್‌ನಿಂದ ಇದನ್ನು ನೋಡುವುದು ಸುಲಭವಾಗಿದೆ. ಸೆಬಿಯಲ್ಲಿ ನೋಂದಾಯಿತ ಬ್ರೋಕರ್‌ಗಳಿಗೆ ಬೇರೆಯದೇ ಯುಪಿಐ ಐಡಿ ಇದೆ. ಅದರಲ್ಲಿ `.brk@valid` ಎಂದಿದ್ದು, ಮುಂದೆ ಬ್ಯಾಂಕಿನ ಹೆಸರು ಅಂಟಿಕೊಂಡಿರುತ್ತದೆ. ಪಾವತಿ ಮಾಡುವಾಗ ಹಸಿರು ತ್ರಿಕೋನದೊಳಗೆ ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಕಾಣಬೇಕು. ಐಡಿಯನ್ನಾಗಲಿ ಖಾತೆ ನಂಬರನ್ನಾಗಲಿ SEBI Check ಎಂಬ ಸೌಲಭ್ಯದಲ್ಲಿ ಹಾಕಿಯೂ ನೋಡಬಹುದು.

“ನಮಗೆ ದುಡ್ಡು ಕೊಡಿ, ನಿಮ್ಮ ಪರವಾಗಿ ನಾವೇ ಟ್ರೇಡ್ ಮಾಡುತ್ತೇವೆ” ಅನ್ನುವವರಿಗೂ ಒಂದು ಉತ್ತರವಿದೆ. ಹಾಗೆ ಗ್ರಾಹಕರ ಹಣ ನಿರ್ವಹಿಸಲು ಪೋರ್ಟ್‌ಫೋಲಿಯೊ ಮ್ಯಾನೇಜರ್ ಎಂಬ ನೋಂದಣಿ ಬೇಕು. ಅವರು ಒಬ್ಬ ಗ್ರಾಹಕರಿಂದ 50 ಲಕ್ಷಕ್ಕಿಂತ ಕಡಿಮೆ ತೆಗೆದುಕೊಳ್ಳುವಂತಿಲ್ಲ. ಇಪ್ಪತ್ತು ಸಾವಿರಕ್ಕೆ ಈ ಸೇವೆ ಅಂದರೆ ಅದು ಏನು ಅಂತ ನೀವೇ ಊಹಿಸಿ.

ಮೂರನೆಯದು, ಸರ್ಟಿಫಿಕೇಟ್

ಜಾಸ್ತಿ ಜನ ಎಡವುವುದು ಇಲ್ಲೇ. ಸರ್ಟಿಫಿಕೇಟಿನಲ್ಲಿರುವ ಸೆಬಿ ನೋಂದಣಿ ನಂಬರ್ ಹುಡುಕುತ್ತಾರೆ, ಸೆಬಿ ವೆಬ್‌ಸೈಟ್‌ನಲ್ಲಿ ಸಿಗುತ್ತದೆ, ಸಮಾಧಾನಪಡುತ್ತಾರೆ. ಆದರೆ ಕಳ್ಳ ತೋರಿಸುವುದು ಬೇರೆ ಯಾರದೋ ಅಸಲಿ ನಂಬರನ್ನು!

ಹೀಗೆ ಮಾಡಿ. sebi.gov.in ಎಂದು ನೀವೇ ಟೈಪ್ ಮಾಡಿ, ಅವರು ಕಳಿಸಿದ ಲಿಂಕ್ ಒತ್ತಬೇಡಿ. ಅಲ್ಲಿ Recognised Intermediaries ಎಂಬ ಪಟ್ಟಿ ತೆರೆಯಿರಿ. ನಂಬರಿನ ಮೊದಲ ಮೂರು ಅಕ್ಷರ ನೋಡಿ. ಬ್ರೋಕರ್ ಆದರೆ INZ, ಸಂಶೋಧನಾ ವಿಶ್ಲೇಷಕರಾದರೆ INH, ಹೂಡಿಕೆ ಸಲಹೆಗಾರರಾದರೆ INA. ಅಂಗಡಿಯವರಿಗೆ ತೋರಿಸಿದ್ದು INH ನಂಬರ್. ಅದು ಅಸಲಿಯೇ ಆಗಿದ್ದರೂ, ವಿಶ್ಲೇಷಕರು ಶುಲ್ಕ ಪಡೆದು ಯಾವ ಷೇರು ಕೊಳ್ಳಬಹುದು ಎಂದು ಹೇಳಬಹುದೇ ಹೊರತು ಟ್ರೇಡಿಂಗ್‌ಗೆ ನಿಮ್ಮ ಬಂಡವಾಳ ಪಡೆಯುವಂತಿಲ್ಲ. ಆಮೇಲೆ ಪಟ್ಟಿಯಲ್ಲಿರುವ ಹೆಸರು, ಇಮೇಲ್, ಫೋನ್ ನಂಬರನ್ನು ಆ್ಯಪ್‌ನವರು ಕೊಟ್ಟಿದ್ದರ ಜೊತೆ ಹೋಲಿಸಿ. ಪಟ್ಟಿಯಲ್ಲಿರುವ ನಂಬರಿಗೇ ಕರೆ ಮಾಡಿ, “ಈ ಆ್ಯಪ್ ನಿಮ್ಮದೇನಾ?” ಎಂದು ಕೇಳಿ. ನಾವು ಮಾಡಿದೆವು. ಆ ಕಡೆಯವರು ನಿಟ್ಟುಸಿರು ಬಿಟ್ಟು, “ಈ ವಾರ ಹೀಗೆ ಕೇಳಿದವರಲ್ಲಿ ನೀವು ನಾಲ್ಕನೆಯವರು” ಅಂದರು.

ಜಿಎಸ್‌ಟಿ, ಉದ್ಯಮ್, ಕಂಪನಿ ನೋಂದಣಿ ಪತ್ರಗಳನ್ನು ಪಕ್ಕಕ್ಕಿಡಿ. ಅವು ಇಲ್ಲಿ ಲೆಕ್ಕಕ್ಕಿಲ್ಲ. ಪ್ಲೇ ಸ್ಟೋರ್‌ನಲ್ಲಿ ಇರುವುದೂ ಪುರಾವೆಯಲ್ಲ. ಎಪಿಕೆ ಫೈಲ್ ಕಳಿಸಿದರಂತೂ ಮುಟ್ಟಲೇಬೇಡಿ.

ನಾಲ್ಕನೆಯದು, ಟ್ರೇಡ್ ನಡೆದಿದೆಯಾ?

ಆ್ಯಪ್‌ನಲ್ಲಿ ಕಾಣುವ ಲಾಭ ಯಾರೋ ಕೂತು ಟೈಪ್ ಮಾಡಿದ ಅಂಕಿಯಾಗಿರಬಹುದು. ನಿಜವಾದ ಟ್ರೇಡ್ ಆದರೆ ಬ್ರೋಕರ್‌ನಿಂದ ಕಾಂಟ್ರ್ಯಾಕ್ಟ್ ನೋಟ್ ಬರಲೇಬೇಕು. ಅದರಲ್ಲಿ ಆರ್ಡರ್ ನಂಬರ್, ಸಮಯ, ಬೆಲೆ ಎಲ್ಲ ಇರುತ್ತದೆ. ಎನ್‌ಎಸ್‌ಇ, ಬಿಎಸ್‌ಇ ವೆಬ್‌ಸೈಟ್‌ಗಳಲ್ಲಿ ಆ ವಿವರ ಹಾಕಿ ತಾಳೆ ನೋಡಬಹುದು.

ಇದು ಕಷ್ಟ ಅನಿಸಿದರೆ ಒಂದು ಅಡ್ಡದಾರಿ ಇದೆ. ಸಮಯ ನೋಡಿ. ನಮ್ಮ ಷೇರುಪೇಟೆ ಸಾಮಾನ್ಯವಾಗಿ ನಡೆಯುವುದು ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30. ಅಂಗಡಿಯವರ ಆ್ಯಪ್‌ನಲ್ಲಿ ಒಂದು ಭಾನುವಾರ ಸಂಜೆ ಐದಕ್ಕೆ ನಿಫ್ಟಿ ಟ್ರೇಡ್‌ನಿಂದ 3,600 ಲಾಭ ಬಂದಿತ್ತು! “ಇದು ಫಾರೆಕ್ಸ್, 24 ಗಂಟೆ ನಡೆಯುತ್ತದೆ” ಅಂದರೆ, ಅನುಮತಿಯಿಲ್ಲದ ವಿದೇಶಿ ಕರೆನ್ಸಿ ವಹಿವಾಟಿನ ಸಂಸ್ಥೆಗಳ ಹೆಸರಿರುವ ರಿಸರ್ವ್ ಬ್ಯಾಂಕಿನ ಎಚ್ಚರಿಕೆ ಪಟ್ಟಿ ನೋಡಿ. ಪಟ್ಟಿಯಲ್ಲಿ ಹೆಸರಿಲ್ಲ ಅಂದಮಾತ್ರಕ್ಕೆ ಅನುಮತಿ ಇದೆ ಎಂದರ್ಥವಲ್ಲ.

ದುಡ್ಡು ಆಗಲೇ ಹೋಗಿದ್ದರೆ

‘ಟ್ಯಾಕ್ಸ್’ ಕಟ್ಟಬೇಡಿ. ಷೇರಿನ ಲಾಭದ ತೆರಿಗೆಯನ್ನು ನಾವು ಸರ್ಕಾರಕ್ಕೆ ಕಟ್ಟುತ್ತೇವೆ. ನಮ್ಮ ದುಡ್ಡು ನಮಗೆ ಕೊಡಲು ಯಾವ ಬ್ರೋಕರೂ ಮೊದಲು ದುಡ್ಡು ಕೇಳುವುದಿಲ್ಲ. ತಕ್ಷಣ 1930ಕ್ಕೆ ಕರೆ ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ಕೊಡಿ. ಪ್ರತಿ ಪಾವತಿಯನ್ನು ಗುರುತಿಸುವ ಯುಟಿಆರ್ ನಂಬರ್, ದಿನಾಂಕ, ಹೋದ ಖಾತೆಯ ವಿವರ ಕೈಯಲ್ಲಿರಲಿ. ನಾಚಿಕೆಪಟ್ಟು ತಡ ಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಜಿಗಿದು ಹೋಗುತ್ತದೆ.

ಅಂಗಡಿಯವರು ಕರೆ ಮಾಡಿದ್ದು ಹನ್ನೊಂದನೇ ದಿನ. ಬ್ಯಾಂಕ್ ಆ ಖಾತೆ ತಡೆಹಿಡಿಯುವ ಹೊತ್ತಿಗೆ ಅದರಲ್ಲಿ ಉಳಿದಿದ್ದು 9,000 ರೂಪಾಯಿ.